ಮನೆ ಅಲ್ಲೇ ಇದೆ, ತಾಲ್ಲೂಕು ಬದಲಾಗಿದೆ

‘ನಿಮ್ಮ ಅಕೌಂಟ್ ಬ್ಲಾಕ್ ಆಗಿದೆ’ ಎಂಬ ಮಾತಿಗೆ ಬ್ಯಾಂಕಿನಲ್ಲಿ ಕನಿಷ್ಠ ಮೂರು ಅರ್ಥಗಳಿವೆ. ಎರಡು ವರ್ಷ ನಾವಾಗಿ ಯಾವ ವ್ಯವಹಾರವನ್ನೂ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಸೈಬರ್ ಅಪರಾಧದ ದೂರಿನಲ್ಲಿ ನಮ್ಮ ಖಾತೆಯ ಹೆಸರು ಬಂದರೆ ಪೊಲೀಸರ ಸೂಚನೆಯ ಮೇಲೆ ಹಣವನ್ನು ತಡೆಹಿಡಿಯುತ್ತಾರೆ. ಮೂರನೆಯದು ಕೆವೈಸಿ ಬಾಕಿ. ಮೂರಕ್ಕೂ ಮದ್ದು ಬೇರೆ ಬೇರೆ. ಹಾಗಾಗಿ ಅರ್ಜಿ ಬರೆಯುವ ಮೊದಲು ಯಾವ ಕಾಯಿಲೆ ಎಂದು ತಿಳಿಯಬೇಕು.

ನನ್ನದು ಮೂರನೆಯದು ಎಂದು ಹೇಳಿದ್ದು ಪಾಸ್‌ಬುಕ್. 2025ರ ಆಗಸ್ಟಿನಲ್ಲಿ ಫೆಲೋಶಿಪ್ ಹಣ ಜಮೆಯಾಗಿತ್ತು, ಆದರೆ ಒಂದು ರೂಪಾಯಿಯೂ ಹೊರಗೆ ಹೋಗುತ್ತಿರಲಿಲ್ಲ. ಯುಪಿಐ ಸೋಲುತ್ತಿತ್ತು, ಎಟಿಎಂ ಕಾರ್ಡನ್ನು ಉಗುಳುತ್ತಿತ್ತು. ಬಾವಿಯಲ್ಲಿ ನೀರಿದೆ, ಸೇದುವ ಹಗ್ಗ ಇಲ್ಲ. ತಂಗಿಯ ನರ್ಸಿಂಗ್ ಕಾಲೇಜಿನ ಎರಡನೆಯ ಕಂತಿಗೆ ಒಂಬತ್ತು ದಿನ ಉಳಿದಿತ್ತು. ಆ ಕಂತು ಕಟ್ಟಬೇಕಿದ್ದದ್ದು ಇದೇ ಹಣದಿಂದ.

ಬ್ಯಾಂಕಿನಿಂದ ಬಂದಿದ್ದ ಒಂದೇ ಸೂಚನೆ ಒಂದು ಎಸ್ಸೆಮ್ಮೆಸ್. ‘ಕೆವೈಸಿ ಮುಗಿಸದಿದ್ದರೆ ಖಾತೆ ನಿಲ್ಲುತ್ತದೆ’ ಎಂಬ ಒಕ್ಕಣೆಯಲ್ಲೇ ಕಳ್ಳರೂ ಎಸ್ಸೆಮ್ಮೆಸ್ ಕಳಿಸುತ್ತಾರೆ. ಅದರಲ್ಲಿದ್ದ ಲಿಂಕನ್ನು ಮುಟ್ಟದೆ ಹನೂರಿನಿಂದ ಕೊಳ್ಳೇಗಾಲದ ಬಸ್ಸು ಹತ್ತಿದೆ. ಖಾತೆ ತೆರೆದದ್ದು ಅಲ್ಲಿ, ಪಿಯುಸಿ ಮುಗಿಸಿದ ವರ್ಷ, 2015ರ ಜುಲೈನಲ್ಲಿ.

ಆ ತಿಂಗಳಿನಲ್ಲೇ ಉತ್ತರವಿತ್ತು. ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನದ ಪ್ರಕಾರ ಬ್ಯಾಂಕು ಗ್ರಾಹಕರನ್ನು ಮೂರು ಅಪಾಯದ ವರ್ಗಗಳಲ್ಲಿ ಇಡುತ್ತದೆ. ಹೆಚ್ಚು ಅಪಾಯದವರ ವಿವರವನ್ನು ಎರಡು ವರ್ಷಕ್ಕೊಮ್ಮೆ, ಮಧ್ಯಮದವರದನ್ನು ಎಂಟು ವರ್ಷಕ್ಕೊಮ್ಮೆ, ಕಡಿಮೆ ಅಪಾಯದವರದನ್ನು ಹತ್ತು ವರ್ಷಕ್ಕೊಮ್ಮೆ ಹೊಸದು ಮಾಡಬೇಕು. ನನಗೆ ಹತ್ತು ತುಂಬಿತ್ತು. ನಾವು ಯಾವ ವರ್ಗದಲ್ಲಿದ್ದೇವೆ ಎಂಬುದನ್ನು ಮಾತ್ರ ಬ್ಯಾಂಕು ನಮಗೆ ಹೇಳುವಂತಿಲ್ಲ, ಅದು ಗೋಪ್ಯ. ನಮ್ಮ ಬಗ್ಗೆ ಇರುವ ಅಭಿಪ್ರಾಯವೊಂದನ್ನು ನಮ್ಮಿಂದಲೇ ಮುಚ್ಚಿಡುವ ಸಂಸ್ಥೆಗೆ ಅರ್ಜಿ ಬರೆಯುವುದು ವಿಚಿತ್ರ ಅನುಭವ.

ಕೌಂಟರಿನ ಮೇಡಂ ಪರದೆ ನೋಡಿ ಕೇಳಿದರು: “ಅಡ್ರೆಸ್ ಚೇಂಜ್ ಆಗಿದೆಯಲ್ಲ?”

“ಇಲ್ಲ ಮೇಡಂ, ಅದೇ ಮನೆ.”

“ನಮ್ಮಲ್ಲಿ ಕೊಳ್ಳೇಗಾಲ ತಾಲ್ಲೂಕು ಅಂತಿದೆ. ನಿಮ್ಮ ಆಧಾರ್‌ನಲ್ಲಿ ಹನೂರು ತಾಲ್ಲೂಕು.”

ಇಬ್ಬರೂ ಹೇಳಿದ್ದು ಸರಿಯೇ. ನಮ್ಮ ಊರು ಒಂದಿಂಚೂ ಕದಲದೆ ಬಹಳ ದೂರ ಪ್ರಯಾಣ ಮಾಡಿದೆ. ತಾತನ ಹಳೆಯ ಕ್ರಯಪತ್ರದಲ್ಲಿ ನಾವು ಮದ್ರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯವರು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ಅಪ್ಪನ ಶಾಲೆಯ ಟಿಸಿಯಲ್ಲಿ ಮೈಸೂರು ಜಿಲ್ಲೆ ಎಂದಿದೆ. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಆಮೇಲೆ ಹನೂರು ಪ್ರತ್ಯೇಕ ತಾಲ್ಲೂಕಾಯಿತು. ಈ ಭಾಗದ ಬಹಳ ಮನೆಗಳ ಟ್ರಂಕಿನಲ್ಲಿ ಒಂದೇ ಮನೆಗೆ ಇಂಥ ಮೂರು ನಾಲ್ಕು ವಿಳಾಸಗಳಿರುತ್ತವೆ. ಕಂಪ್ಯೂಟರಿಗೆ ಎರಡು ಸಾಲು ಹೊಂದುವುದಿಲ್ಲ ಎಂಬುದಷ್ಟೇ ಗೊತ್ತು.

ಹಾಗಾಗಿ ‘ವಿವರಗಳಲ್ಲಿ ಬದಲಾವಣೆ ಇಲ್ಲ’ ಎಂಬ ಸುಲಭದ ದಾರಿ ನನಗೆ ಮುಚ್ಚಿತು. ಏನೂ ಬದಲಾಗದಿದ್ದರೆ ಹಾಗೆಂದು ಒಂದು ಸ್ವಯಂ ಘೋಷಣೆಯನ್ನು ಪತ್ರದಲ್ಲೋ ನೋಂದಾಯಿತ ಮೊಬೈಲ್, ಇಮೇಲ್ ಮೂಲಕವೋ ಕೊಟ್ಟರೆ ಸಾಕು. ವಿಳಾಸ ಮಾತ್ರ ಬದಲಾಗಿದ್ದರೆ ಹೊಸ ವಿಳಾಸದ ಘೋಷಣೆ ಕೊಡಬೇಕು, ಬ್ಯಾಂಕು ಎರಡು ತಿಂಗಳೊಳಗೆ ಅದನ್ನು ಪರಿಶೀಲಿಸಿಕೊಳ್ಳುತ್ತದೆ. ಆದರೆ ಬ್ಯಾಂಕಿನಲ್ಲಿರುವ ದಾಖಲೆಗಳು ಇಂದಿನ ನಿಯಮಕ್ಕೆ ಸಾಲದಿದ್ದರೆ ದಾಖಲೆಗಳನ್ನೇ ಹೊಸದಾಗಿ ಕೊಡಬೇಕು. ಖಾತೆ ತೆರೆದಾಗ ನನಗೆ ಪ್ಯಾನ್ ಇರಲಿಲ್ಲ, ಅದರ ಬದಲು ಫಾರಂ 60 ಕೊಟ್ಟಿದ್ದೆ. ಈಗ ಪ್ಯಾನ್ ಇದೆ. ಎಲ್ಲವನ್ನೂ ಒಟ್ಟಿಗೆ ಕೊಡುವುದೇ ಲೇಸೆನಿಸಿತು.

ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಕುಳಿತು ಬರೆದ ಅರ್ಜಿಯ ಮುಖ್ಯ ಭಾಗ ಇದು:

‘ಮಾನ್ಯ ಶಾಖಾ ವ್ಯವಸ್ಥಾಪಕರಿಗೆ,

ವಿಷಯ: ಕೆವೈಸಿ ವಿವರ ನವೀಕರಿಸಿ ಉಳಿತಾಯ ಖಾತೆಯ ಹಣ ಪಾವತಿ ತಡೆಯನ್ನು ತೆರವುಗೊಳಿಸುವ ಬಗ್ಗೆ.

ನನ್ನ ಖಾತೆಗೆ ಜಮೆ ಆಗುತ್ತಿದ್ದು, ಹಣ ತೆಗೆಯಲು ಆಗುತ್ತಿಲ್ಲ. ತಡೆಗೆ ಕೆವೈಸಿ ಬಾಕಿಯೊಂದೇ ಕಾರಣವೇ, ಬೇರೆ ಕಾರಣವಿದೆಯೇ ಎಂದು ಲಿಖಿತವಾಗಿ ತಿಳಿಸಬೇಕು. ನಿಮ್ಮ ದಾಖಲೆಯಲ್ಲಿರುವ ಕೊಳ್ಳೇಗಾಲ ತಾಲ್ಲೂಕಿನ ವಿಳಾಸವೂ ಆಧಾರ್‌ನಲ್ಲಿರುವ ಹನೂರು ತಾಲ್ಲೂಕಿನ ವಿಳಾಸವೂ ಒಂದೇ ಮನೆಯದು. ಮನೆ ಬದಲಾಗಿಲ್ಲ, ಹನೂರು ಹೊಸ ತಾಲ್ಲೂಕಾದ್ದರಿಂದ ತಾಲ್ಲೂಕಿನ ಹೆಸರು ಬದಲಾಗಿದೆ. ಆಧಾರ್‌ನಲ್ಲಿರುವಂತೆ ತಿದ್ದಿಕೊಳ್ಳಬೇಕು. ನನ್ನ ಖಾತೆ ಕಡಿಮೆ ಅಪಾಯದ ವರ್ಗದಲ್ಲಿದ್ದರೆ, ರಿಸರ್ವ್ ಬ್ಯಾಂಕಿನ 12-6-2025ರ ತಿದ್ದುಪಡಿಯಂತೆ ವ್ಯವಹಾರಕ್ಕೆ ಅವಕಾಶ ಕೊಡಬೇಕೆಂದು ಕೋರುತ್ತೇನೆ.

ಲಗತ್ತು: 1. ಭಾವಚಿತ್ರ ಅಂಟಿಸಿದ ಕೆವೈಸಿ ಫಾರಂ. 2. ಆಧಾರ್ ಪ್ರತಿ. 3. ಪ್ಯಾನ್ ಪ್ರತಿ. 4. ಅದೇ ಮನೆ ಸಂಖ್ಯೆಯ, ತಂದೆಯ ಹೆಸರಿನ ಪಂಚಾಯಿತಿ ಕಂದಾಯ ರಸೀದಿ. 5. ಪಾಸ್‌ಬುಕ್ಕಿನ ಕೊನೆಯ ಪುಟ.’

ಕೊನೆಯ ಕೋರಿಕೆಯಲ್ಲಿ ‘ಇದ್ದರೆ’ ಎಂಬ ಪದ ಬೇಕೇ ಬೇಕು. ಕಡಿಮೆ ಅಪಾಯದ ಗ್ರಾಹಕರಿಗೆ ಗಡುವು ಮುಗಿದ ಮೇಲೂ ಒಂದು ವರ್ಷ ಅಥವಾ 2026ರ ಜೂನ್ 30, ಇದರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಎಲ್ಲ ವ್ಯವಹಾರಕ್ಕೂ ಅವಕಾಶ ಕೊಡಬೇಕೆಂದು ಆ ತಿದ್ದುಪಡಿ ಹೇಳಿತ್ತು. ನನ್ನ ವರ್ಗ ನನಗೆ ತಿಳಿಯದು, ಆದ್ದರಿಂದ ಹಕ್ಕೆಂದು ಗಟ್ಟಿಸಿ ಕೇಳುವಂತಿಲ್ಲ. ಆದರೆ ಆ ಸಾಲು ಓದಿದ ಅಧಿಕಾರಿ ವರ್ಗವನ್ನು ತೆರೆದು ನೋಡಲೇಬೇಕಾಗುತ್ತದೆ.

ಪ್ರತಿಗಳ ಮೇಲೆಲ್ಲ ಸಹಿ ಹಾಕಿ, ಅಡ್ಡಲಾಗಿ ‘ಕೆವೈಸಿ ನವೀಕರಣಕ್ಕೆ ಮಾತ್ರ’ ಎಂದು ದಿನಾಂಕದೊಂದಿಗೆ ಬರೆದೆ. ಅರ್ಜಿಯ ಎರಡನೆಯ ಪ್ರತಿ ನನ್ನ ಕೈಯಲ್ಲಿತ್ತು.

ಸಾಲಿನಲ್ಲಿ ನನ್ನ ಮುಂದೆ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಪೋಡಿನಿಂದ ಬಂದ ಸೋಲಿಗ ಅಜ್ಜ ಒಬ್ಬರಿದ್ದರು. ಬೆರಳಚ್ಚು ಯಂತ್ರ ಅವರ ಹೆಬ್ಬೆಟ್ಟನ್ನು ಮೂರು ಸಲ ಒಲ್ಲೆ ಎಂದಿತ್ತು. “ಬೆರಳು ಸವೆದೋಗದೆ ಕಣವ್ವ, ನಾನೇನ್ ಮಾಡ್ಲಿ” ಎಂದು ಕೈ ತಿರುಗಿಸಿ ತೋರಿಸಿದರು. ಅವರ ಚೀಲದಲ್ಲಿ ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಇತ್ತು. ರಾಜ್ಯ ಸರ್ಕಾರದ ಅಧಿಕಾರಿಯ ಸಹಿ ಇರುವ ಜಾಬ್ ಕಾರ್ಡ್ ಕೆವೈಸಿಗೆ ಅಧಿಕೃತ ದಾಖಲೆಯೇ. ಮತದಾರರ ಚೀಟಿ, ಚಾಲನಾ ಪರವಾನಗಿ, ಪಾಸ್‌ಪೋರ್ಟುಗಳ ಜೊತೆ ಅದೂ ಪಟ್ಟಿಯಲ್ಲಿದೆ. ಮೇಡಮ್ಮಿಗೆ ಹೇಳಿದೆ. ಅವರು ಕಾರ್ಡಿನ ಸಹಿ ನೋಡಿ, ಒಳಗೆ ಹೋಗಿ ಕೇಳಿ ಬಂದು, ಪ್ರತಿ ತೆಗೆದುಕೊಂಡರು. ಅಜ್ಜನಿಗೆ ಬರಬೇಕಿದ್ದದ್ದು ಎರಡು ತಿಂಗಳ ಪಿಂಚಣಿ.

ನನ್ನ ಸರದಿ ಬಂದಾಗ ಮೇಡಂ ಅರ್ಜಿ ಓದಿ, ಕಂದಾಯ ರಸೀದಿಯ ಮನೆ ಸಂಖ್ಯೆಯನ್ನು ಬೆರಳಿಟ್ಟು ಹೋಲಿಸಿದರು. “ಇದನ್ನ ಮೊದಲೇ ಬರೆದು ತಂದ್ರೆ ನಮಗೂ ಸುಲಭ” ಎಂದರು. ನಾನು ಎರಡನೆಯ ಪ್ರತಿ ಮುಂದಿಟ್ಟು ಸೀಲು, ಸಹಿ, ದಿನಾಂಕ ಕೇಳಿದೆ. “ಅದ್ಯಾಕೆ, ಆಗುತ್ತೆ ಬಿಡಿ” ಎಂದರು. ನವೀಕರಣಕ್ಕೆ ಕೊಟ್ಟ ದಾಖಲೆಗಳಿಗೆ ಸ್ವೀಕರಿಸಿದ ದಿನಾಂಕದೊಂದಿಗೆ ಸ್ವೀಕೃತಿ ಕೊಡಬೇಕೆಂಬುದು ನಿಯಮದಲ್ಲೇ ಇದೆ. ನಗುತ್ತಾ ಹೇಳಿದೆ, ನಗುತ್ತಲೇ ಸೀಲು ಒತ್ತಿದರು. ಆ ಸೀಲು ಗಡಿಯಾರಕ್ಕೆ ಕೀಲಿ ಕೊಟ್ಟಂತೆ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಮೂವತ್ತು ದಿನವಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿಗೆ cms.rbi.org.in ಮೂಲಕ ಹೋಗಬಹುದು. ದಿನಾಂಕವಿಲ್ಲದ ಅರ್ಜಿಗೆ ಮೂವತ್ತು ದಿನ ಎಲ್ಲಿಂದ ಎಣಿಸುವುದು?

ಅಷ್ಟು ದೂರ ಹೋಗಬೇಕಾಗಲಿಲ್ಲ. ಶಾಖೆಯಲ್ಲಿ ಅವತ್ತೇ ವಿವರ ತುಂಬಿದರು. ಅದು ಬೇರೆ ಊರಿನ ಕೇಂದ್ರ ಕಚೇರಿಯಲ್ಲಿ ಒಪ್ಪಿಗೆಯಾಗಬೇಕಿತ್ತು. ಮೂರನೆಯ ದಿನ ಫೋನ್ ಮಾಡಿದಾಗ ವಿಳಾಸ ತಿದ್ದುಪಡಿಯಾಗಿದೆ, ತಡೆ ಮಾತ್ರ ಹಾಗೇ ಇದೆ ಎಂದು ತಿಳಿಯಿತು. ಅವೆರಡೂ ಬೇರೆ ಬೇರೆ ಕೆಲಸ. ಸೀಲಿನ ದಿನಾಂಕ ಹೇಳಿ, ತಡೆ ತೆಗೆಯುವ ಕೋರಿಕೆಯೂ ಅದೇ ಅರ್ಜಿಯಲ್ಲಿದೆ ಎಂದೆ. ಐದನೆಯ ದಿನ ಬೆಳಿಗ್ಗೆ ತಂಗಿಗೆ ಮೊದಲು ಒಂದು ರೂಪಾಯಿ ಕಳಿಸಿ ನೋಡಿದೆ.

“ಬಂತು, ಆದರೆ ಒಂದೇ ರೂಪಾಯಿ ಇದೆ” ಎಂದು ಅವಳು ಗಾಬರಿಯಿಂದ ಫೋನ್ ಮಾಡಿದಳು. ಉಳಿದದ್ದನ್ನು ಆಮೇಲೆ ಕಳಿಸಿದೆ.