ಸೂಕ್ತ ಕ್ರಮ ಎಂಬ ಎರಡು ಪದ

ಅರ್ಜಿ ಬರೆಯುವುದು ನನ್ನ ಕಸುಬಲ್ಲ. ಸರ್ಕಾರಿ ಕಚೇರಿಯೊಂದರ ಟಪಾಲು ಶಾಖೆಯಲ್ಲಿ ಕೂತು ಬೇರೆಯವರು ಬರೆದ ಅರ್ಜಿಗಳಿಗೆ ಮೊಹರು ಒತ್ತಿ, ನಂಬರು ಹಾಕಿ, ಒಳಗೆ ಕಳಿಸುವುದಷ್ಟೇ ನನ್ನ ಕೆಲಸವಾಗಿತ್ತು. ನಿವೃತ್ತನಾಗಿ ಸಂತೆಮರಹಳ್ಳಿಯಲ್ಲಿ ಬಂದು ನೆಲೆಸಿದ ಮೇಲೆ ನೆರೆಹೊರೆಯವರು ನನ್ನನ್ನು ಅರ್ಜಿ ಬರೆಯುವವನನ್ನಾಗಿ ಮಾಡಿಬಿಟ್ಟರು. ಪಿಂಚಣಿ, ಪಡಿತರ ಚೀಟಿ, ಜಮೀನಿನ ಖಾತೆ, ಹೀಗೆ ಬಹುಪಾಲು ಅರ್ಜಿಗಳು ಒಂದೇ ಅಚ್ಚಿನವು. ಅವುಗಳ ನಡುವೆ ಒಂದು ಅರ್ಜಿ ಮಾತ್ರ ನನ್ನನ್ನು ಮೂರು ದಿನ ಕೂರಿಸಿತು. ಅದು ಏಳನೇ ತರಗತಿಯ ಒಬ್ಬ ಹುಡುಗನದು.

ಹುಡುಗನ ತಾಯಿ ನಮ್ಮ ಹಿಂದಿನ ಬೀದಿಯವಳು. ಕೂಲಿಗೆ ಹೋಗುತ್ತಾಳೆ. ಹುಡುಗನಿಗೆ ಮಾತು ಸ್ವಲ್ಪ ತೊದಲುತ್ತದೆ. ಶಾಲೆಯಲ್ಲಿ ಮೇಲಿನ ತರಗತಿಯ ಮೂವರು ಹುಡುಗರು ಅದನ್ನೇ ಹಿಡಿದುಕೊಂಡಿದ್ದರು. ಅಣಕಿಸುವುದರಿಂದ ಶುರುವಾಗಿ ಊಟದ ತಟ್ಟೆಗೆ ಮಣ್ಣು ಹಾಕುವುದು, ಶೌಚಾಲಯದೊಳಗೆ ಕೂಡಿ ಚಿಲಕ ಹಾಕುವುದು, ಕೊನೆಗೆ ಸಂಜೆ ದಾರಿಯಲ್ಲಿ ಚೀಲವನ್ನು ಕಾಲುವೆಗೆ ಎಸೆಯುವುದರವರೆಗೆ ಬಂದಿತ್ತು. ತಾಯಿ ಶಾಲೆಗೆ ಮೂರು ಸಲ ಹೋಗಿ ಬಂದಿದ್ದಳು.

“ಮೊದಲ್ನೇ ಸಲ ನೋಡ್ತೀನಿ ಕಣಮ್ಮ ಅಂದ್ರು. ಎರಡ್ನೇ ಸಲ ಹುಡುಗ್ರು ಅಂದ್ಮೇಲೆ ಆಡ್ತಾರೆ ಅಂದ್ರು. ಮೂರ್ನೇ ಸಲ ನಿನ್ ಮಗನ್ನೇ ಬೇರೆ ಕಡೆ ಸೇರ್ಸು, ಟೀಸಿ ಕೊಡ್ತೀನಿ ಅಂದ್ರು ಕಣಣ್ಣ” ಎಂದಳು. ಮೂರನೆಯ ಸಲ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆಸಿಕೊಂಡೂ ಹೋಗಿದ್ದಳಂತೆ. ಆ ಹಾಳೆ ಮೇಜಿನ ಖಾನೆ ಸೇರಿತು. ಇವಳ ಕೈಯಲ್ಲಿ ಪ್ರತಿಯೂ ಇಲ್ಲ, ಸಹಿಯೂ ಇಲ್ಲ.

ಟಪಾಲು ಶಾಖೆಯವನಿಗೆ ಇದರ ಅರ್ಥ ತಟ್ಟನೆ ಹೊಳೆಯುತ್ತದೆ. ಆಕೆ ಮೂರು ಸಲ ದೂರು ಕೊಟ್ಟಿದ್ದಳು. ಆದರೆ ಕಾಗದದ ಲೋಕದಲ್ಲಿ ಒಂದು ಸಲವೂ ಕೊಟ್ಟಿರಲಿಲ್ಲ. ಮೇಲಿನವರು ಕೇಳಿದರೆ “ನಮಗೆ ಯಾವ ದೂರೂ ಬಂದಿಲ್ಲ” ಎಂದು ಶಾಲೆ ಧೈರ್ಯವಾಗಿ ಬರೆದು ಕೊಡಬಹುದಿತ್ತು. ಹಾಗಾಗಿ ಮೇಲಕ್ಕೆ ಹೋಗುವ ಮೊದಲು ಕೆಳಗಿನ ಮೆಟ್ಟಿಲನ್ನು ಕಟ್ಟಬೇಕಾಯಿತು. ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ದೂರು ಬರೆದು, ಎರಡು ಪ್ರತಿ ಮಾಡಿ, ಒಂದರ ಮೇಲೆ ದಿನಾಂಕದೊಂದಿಗೆ ಸಹಿ ಮತ್ತು ಶಾಲೆಯ ಮೊಹರು ಹಾಕಿಸಿಕೊಂಡು ಬರಲು ಹೇಳಿದೆ. ಸಹಿ ಹಾಕಲು ಒಪ್ಪದಿದ್ದರೆ ಜಗಳ ಬೇಡ, ಅದೇ ದಿನ ಅಂಚೆಯಲ್ಲಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಂಡರಾಯಿತು ಎಂದೂ ಹೇಳಿದ್ದೆ. ಅಷ್ಟರ ಅಗತ್ಯ ಬೀಳಲಿಲ್ಲ. ಮೊಹರು ಬಿತ್ತು. ಏಳು ದಿನ ಕಾದೆವು. ಎಂಟನೆಯ ದಿನ ಹುಡುಗನ ಚೀಲ ಮತ್ತೆ ಕಾಲುವೆಗೆ ಬಿತ್ತು.

ಆಗ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆಯಲು ಕೂತೆವು. ನಮ್ಮ ಭಾಗದವರಿಗೆ ಆ ಕಚೇರಿ ಚಾಮರಾಜನಗರದಲ್ಲಿ. ಅವರ ಮೇಲಿನ ಉಪನಿರ್ದೇಶಕರೂ ಅಲ್ಲೇ. 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಗುವ ಮುಂಚೆ ಜಿಲ್ಲಾ ಕಚೇರಿಯೆಂದರೆ ಮೈಸೂರಿಗೇ ಹೋಗಬೇಕಿತ್ತು. ಕೂಲಿಯವಳು ಒಂದು ದಿನದ ಕೂಲಿಯಲ್ಲಿ ಹೋಗಿಬರಬಹುದಾದ ದೂರಕ್ಕೆ ಕಚೇರಿ ಬಂದಿರುವುದು ಸಣ್ಣ ಸಂಗತಿಯಲ್ಲ.

ಬರೆಯಲು ಕೂತಾಗಲೇ ಒಂದು ಮಾತು ಸ್ಪಷ್ಟವಾಗಬೇಕು. ಶಾಲೆಗೆ ಕೊಟ್ಟ ದೂರಿನ ವಿಷಯ ಆ ಮೂವರು ಹುಡುಗರು. ಇಲಾಖೆಗೆ ಕೊಡುವ ದೂರಿನ ವಿಷಯ ಅವರಲ್ಲ, ಶಾಲೆ. ಎಂಟನೇ ತರಗತಿಯ ಹುಡುಗನನ್ನು ಶಿಕ್ಷಣಾಧಿಕಾರಿ ತಿದ್ದಲಾರರು. ಅದು ಅವರ ಕೆಲಸವೂ ಅಲ್ಲ. ಮುಖ್ಯೋಪಾಧ್ಯಾಯರನ್ನು “ದೂರು ಬಂದ ಮೇಲೆ ನೀವು ಏನು ಮಾಡಿದಿರಿ?” ಎಂದು ಅವರು ಕೇಳಬಲ್ಲರು. ಹಾಗಾಗಿ ‘ನನ್ನ ಮಗನಿಗೆ ತೊಂದರೆ ಕೊಡುತ್ತಿರುವ ಬಗ್ಗೆ’ ಎಂದು ಆಕೆ ಹೇಳಿದ್ದ ವಿಷಯದ ಸಾಲನ್ನು ಹೀಗೆ ಬದಲಿಸಿದೆವು: ‘ಏಳನೇ ತರಗತಿಯ ನನ್ನ ಮಗನಿಗೆ ಸಹಪಾಠಿಗಳಿಂದ ಆಗುತ್ತಿರುವ ಹಿಂಸೆಯ ಬಗ್ಗೆ ಪದೇ ಪದೇ ದೂರು ನೀಡಿದರೂ ಶಾಲೆಯು ಕ್ರಮ ಕೈಗೊಳ್ಳದಿರುವ ಕುರಿತು.’ ಅದರ ಕೆಳಗೆ ‘ಉಲ್ಲೇಖ’ ಎಂದು ಬರೆದು ಶಾಲೆಗೆ ಕೊಟ್ಟ ದೂರಿನ ದಿನಾಂಕ ಹಾಕಿದೆವು. ಕಚೇರಿಯ ಗುಮಾಸ್ತ ಪತ್ರ ಕೈಗೆ ಬಂದೊಡನೆ ಮೊದಲು ನೋಡುವುದು ಈ ಎರಡು ಸಾಲನ್ನೇ. ಅವುಗಳನ್ನು ನೋಡಿಯೇ ಪತ್ರ ಯಾರ ಮೇಜಿಗೆ ಹೋಗಬೇಕೆಂಬುದು ತೀರ್ಮಾನವಾಗುತ್ತದೆ.

ಒಳಗಿನ ಒಕ್ಕಣೆಗೆ ಹೆಚ್ಚು ಹೊತ್ತು ಹಿಡಿಯಿತು. ತಾಯಿಯ ಹೊಟ್ಟೆಯಲ್ಲಿದ್ದ ಬೆಂಕಿಯೆಲ್ಲ ಬೈಗುಳವಾಗಿ ಬರುತ್ತಿತ್ತು. “ರಾಕ್ಷಸ್ರು ಅಂತ ಬರೀರಣ್ಣ” ಎಂದಳು. ಬರೆಯಲಿಲ್ಲ. ಅದರ ಬದಲು ಹುಡುಗನನ್ನೇ ಕೂರಿಸಿಕೊಂಡು, ತೊದಲು ಮುಗಿಯುವ ತನಕ ಕಾದು, ನಾಲ್ಕು ಘಟನೆಗಳನ್ನು ಆರಿಸಿದೆವು. ಪ್ರತಿಯೊಂದಕ್ಕೂ ದಿನ, ಜಾಗ, ಏನಾಯಿತು, ಯಾರು ನೋಡಿದರು, ಯಾರಿಗೆ ಹೇಳಿದೆವು, ಅವರು ಏನೆಂದರು, ಇಷ್ಟೇ. ಉದಾಹರಣೆಗೆ ಶೌಚಾಲಯದ ಘಟನೆ ಹೀಗೆ ನಿಂತಿತು: ‘ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮೂವರು ವಿದ್ಯಾರ್ಥಿಗಳು ನನ್ನ ಮಗನನ್ನು ಶೌಚಾಲಯದೊಳಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದರು. ಬಿಡುವು ಮುಗಿದು ಒಂದು ಪೀರಿಯಡ್ ಕಳೆದ ಮೇಲೆ ಅಡುಗೆಯವರು ತೆಗೆದರು. ಆ ಪೀರಿಯಡ್‌ನಲ್ಲಿ ಹುಡುಗ ಎಲ್ಲಿ ಎಂದು ಯಾರೂ ಕೇಳಲಿಲ್ಲ.’ ಕೊನೆಯ ವಾಕ್ಯದಲ್ಲಿ ಬೈಗುಳವಿಲ್ಲ. ಆದರೂ ಅದು ನೇರವಾಗಿ ಶಾಲೆಯನ್ನೇ ಮುಟ್ಟುತ್ತದೆ. ಆ ಮೂವರ ಹೆಸರುಗಳನ್ನು ಪತ್ರದಲ್ಲಿ ಹಾಕದೆ ಬೇರೆ ಹಾಳೆಯಲ್ಲಿ ಬರೆದು, ಮುಚ್ಚಿದ ಲಕೋಟೆಯಲ್ಲಿಟ್ಟು ಲಗತ್ತಿಸಿದೆವು. ಅವರೂ ಮಕ್ಕಳೇ. ಪತ್ರವೋ ಹತ್ತು ಕೈ ದಾಟುತ್ತದೆ.

ಇನ್ನು ಕೋರಿಕೆ. ನಾನು ಮೊಹರು ಒತ್ತಿದ ಸಾವಿರಾರು ಅರ್ಜಿಗಳು ‘ಸೂಕ್ತ ಕ್ರಮ ಕೈಗೊಳ್ಳಬೇಕೆಂದು ವಿನಂತಿ’ ಎಂದೇ ಮುಗಿಯುತ್ತಿದ್ದವು. ಈ ಎರಡು ಪದದಷ್ಟು ಅರ್ಜಿಗಳನ್ನು ಕೊಂದದ್ದು ಬೇರೆ ಇರಲಾರದು. ಸೂಕ್ತ ಯಾವುದು ಎಂದು ಕೇಳದೇ ಬಿಟ್ಟರೆ, ಒಂದು ಜ್ಞಾಪನ ಬರೆದು ಕಡತ ಮುಚ್ಚುವುದೂ ಸೂಕ್ತವೇ ಆಗುತ್ತದೆ. ನಾವು ಆ ಪದಗಳನ್ನು ಬಿಟ್ಟು ನಾಲ್ಕು ಕೋರಿಕೆ ಬರೆದೆವು. ಒಂದು, ಆ ಶಾಲೆಯವರಲ್ಲದ ಅಧಿಕಾರಿಯೊಬ್ಬರು ಶಾಲೆಗೆ ಬಂದು, ತಾಯಿಯ ಎದುರಿನಲ್ಲಿ ಹುಡುಗನನ್ನು ಮಾತನಾಡಿಸಬೇಕು. ಎರಡು, ಊಟದ ಬಿಡುವಿನಲ್ಲಿಯೂ ಶಾಲೆ ಬಿಡುವಾಗಲೂ ಯಾವ ಶಿಕ್ಷಕರು ನಿಗಾ ಇಡುತ್ತಾರೆಂದು ಲಿಖಿತವಾಗಿ ನೇಮಿಸಬೇಕು. ಮೂರು, ದೂರು ಕೊಟ್ಟದ್ದಕ್ಕಾಗಿ ಹುಡುಗನಿಗೆ ತೊಂದರೆಯಾಗದಂತೆ ನೋಡಿಕೊಳ್ಳಬೇಕು. ನಾಲ್ಕು, ಹದಿನೈದು ದಿನದೊಳಗೆ ತೆಗೆದುಕೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕು.

ಮೊದಲನೆಯ ಕೋರಿಕೆಗೆ ಕಾರಣವಿದೆ. ಮೇಲಿನ ಕಚೇರಿಗೆ ಹೋದ ದೂರು ಬಹಳ ಸಲ ‘ಪರಿಶೀಲಿಸಿ ವರದಿ ನೀಡಿ’ ಎಂಬ ಒಕ್ಕಣೆ ಹೊತ್ತು ಅದೇ ಮುಖ್ಯೋಪಾಧ್ಯಾಯರ ಮೇಜಿಗೆ ಮರಳಿ ಬರುತ್ತದೆ. ‘ಆಟದ ಸಂದರ್ಭದ ಸಣ್ಣ ಘಟನೆ, ಇತ್ಯರ್ಥಪಡಿಸಲಾಗಿದೆ’ ಎಂದು ಅವರು ಬರೆದರೆ ಅಲ್ಲಿಗೆ ಮುಗಿಯಿತು. ಇದು ನಡೆಯುತ್ತಿದೆಯೆಂಬುದಕ್ಕೆ ಒಂದು ಗುರುತುಂಟು: ತಾಯಿಯನ್ನು ಶಾಲೆಗೆ ಕರೆಸಿ ‘ದೂರು ಹಿಂಪಡೆದಿದ್ದೇನೆ’ ಎಂಬ ಕಾಗದಕ್ಕೆ ಸಹಿ ಕೇಳುತ್ತಾರೆ. ಓದಿಸಿಕೊಳ್ಳದೆ ಯಾವುದಕ್ಕೂ ಸಹಿ ಹಾಕಬೇಡ ಎಂದು ಮೊದಲೇ ಹೇಳಿಟ್ಟಿದ್ದೆ. ಒಳಗೆ ಏನು ವರದಿ ಹೋಯಿತೆಂದು ತಿಳಿಯಬೇಕಾದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿ ಶುಲ್ಕದ ಅರ್ಜಿಯಲ್ಲಿ ಅದರ ಪ್ರತಿ ಕೇಳಬಹುದು; ಉತ್ತರಕ್ಕೆ ಮೂವತ್ತು ದಿನದ ಗಡುವು. ಬಡತನ ರೇಖೆಯ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ.

ಮೂರನೆಯ ಕೋರಿಕೆಯನ್ನು ಬರೆಯುವಾಗ ನನ್ನ ಮನಸ್ಸಿನಲ್ಲಿದ್ದದ್ದು ಪಕ್ಕದ ತಮಿಳುನಾಡಿನ ನಾಂಗುನೇರಿ. ಅಲ್ಲಿ ದಲಿತ ವಿದ್ಯಾರ್ಥಿಯೊಬ್ಬ ಸಹಪಾಠಿಗಳ ಜಾತಿ ಕಿರುಕುಳ ತಾಳದೆ ಶಾಲೆಗೆ ಹೋಗುವುದನ್ನೇ ಬಿಟ್ಟಿದ್ದ. ವಿಷಯ ಶಾಲೆಯವರಿಗೆ ತಿಳಿದು, ದೂರು ದಾಖಲಾದ ಬೆನ್ನಿಗೇ 2023ರ ಆಗಸ್ಟಿನ ಒಂದು ರಾತ್ರಿ ಅವನ ಮನೆಗೇ ನುಗ್ಗಿ ಮಚ್ಚು ಬೀಸಿದರು. ತಡೆಯಲು ಬಂದ ತಂಗಿಗೂ ಗಾಯವಾಯಿತು. ಸರ್ಕಾರ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಸಮಿತಿ ನೇಮಿಸಿತು; 2024ರಲ್ಲಿ ವರದಿ ಬಂತು. ದೂರು ಕೊಟ್ಟ ಮರುದಿನವೇ ಮಗುವಿಗೆ ಹೆಚ್ಚು ಅಪಾಯದ ದಿನ ಎಂಬುದನ್ನು ಆ ಘಟನೆ ತೋರಿಸಿಕೊಟ್ಟಿತು. ಅದಕ್ಕೇ ನಾವು ಅರ್ಜಿ ಕೊಟ್ಟ ದಿನದಿಂದ ಹುಡುಗನ ಸೋದರಮಾವ ಸಂಜೆ ಶಾಲೆಯ ಬಾಗಿಲಿಗೆ ಹೋಗಿ ನಿಲ್ಲುವಂತೆ ಮಾಡಿದೆವು. ಮೈಮೇಲೆ ಗಾಯವಾಗಿದ್ದರೆ, ಜಾತಿ ಹಿಡಿದು ನಿಂದಿಸಿದ್ದರೆ, ಅಸಭ್ಯವಾಗಿ ಮುಟ್ಟಿದ್ದರೆ ಈ ಅರ್ಜಿ, ಗಡುವು ಯಾವುದನ್ನೂ ಕಾಯಬಾರದು. ಅಂದೇ ಪೊಲೀಸ್ ಠಾಣೆಗೆ ಹೋಗಬೇಕು, ಇಲ್ಲವೇ 1098ಕ್ಕೆ ಫೋನು ಮಾಡಬೇಕು.

ಕಾನೂನಿನ ಮಾತಿಗೆ ಒಂದೇ ಪ್ಯಾರಾ ಕೊಟ್ಟೆವು. 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳದು. ಯಾವ ಮಗುವನ್ನೂ ದೈಹಿಕ ಶಿಕ್ಷೆಗೆ, ಮಾನಸಿಕ ಕಿರುಕುಳಕ್ಕೆ ಗುರಿಪಡಿಸಕೂಡದೆಂದು ಅದರ 17ನೇ ಕಲಮು ಹೇಳುತ್ತದೆ. 32ನೇ ಕಲಮಿನ ಪ್ರಕಾರ ಮಗುವಿನ ಹಕ್ಕಿನ ಬಗೆಗಿನ ಲಿಖಿತ ದೂರನ್ನು ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಸಮಾಧಾನವಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಸ್ಥಳೀಯ ಪ್ರಾಧಿಕಾರವೆಂಬ ಪದ ಇರುವುದರಿಂದ ಗ್ರಾಮ ಪಂಚಾಯಿತಿಗೂ ಒಂದು ಪ್ರತಿ ಕೊಟ್ಟೆವು. ಮೂರು ತಿಂಗಳು ಕಚೇರಿಗೆ ಹೆಚ್ಚಲ್ಲ. ದಿನಾ ಕಾಲುವೆ ಏರಿಯ ಮೇಲೆ ನಡೆಯುವ ಹುಡುಗನಿಗೆ ಅದು ಬಹಳ ದೀರ್ಘ ಕಾಲ. ಅದಕ್ಕೇ ಹದಿನೈದು ದಿನವೆಂದು ನಾವೇ ಗಡುವು ಬರೆದು, ಆಮೇಲೆ ಉಪನಿರ್ದೇಶಕರಿಗೆ ಬರೆಯುವುದಾಗಿ ಅದೇ ಪತ್ರದಲ್ಲಿ ಸೂಚಿಸಿದ್ದು.

ತಾಯಿ ಚಾಮರಾಜನಗರಕ್ಕೆ ಹೋಗಿ ಪತ್ರ ಕೊಟ್ಟು, ತನ್ನ ಪ್ರತಿಯ ಮೇಲೆ ಮೊಹರು ಮತ್ತು ನಂಬರು ಹಾಕಿಸಿಕೊಂಡು ಬಂದಳು. ಹತ್ತನೆಯ ದಿನ ಅದೇ ನಂಬರು ಹಿಡಿದು ವಿಚಾರಿಸಿದಾಗ, ಶಿಕ್ಷಣ ಸಂಯೋಜಕರಿಗೆ ವಹಿಸಲಾಗಿದೆ ಎಂದು ತಿಳಿಯಿತು. ಹದಿಮೂರನೆಯ ದಿನ ಅವರು ಬಂದರು. ಹುಡುಗನೊಡನೆ ಅರ್ಧ ಗಂಟೆ ಕೂತರು; ಅಡುಗೆಯವರನ್ನೂ ಕೇಳಿದರು. ಆ ಮೂವರ ಮನೆಯವರನ್ನು ಕರೆಸಿದರು. ಬಿಡುವಿನಲ್ಲಿ ನಿಗಾ ಇಡುವ ಶಿಕ್ಷಕರ ಪಟ್ಟಿ ಗೋಡೆಗೆ ಬಂತು. ಉಪನಿರ್ದೇಶಕರಿಗೆ ಬರೆಯುವ ಪ್ರಮೇಯ ಬರಲಿಲ್ಲ.

ಎಲ್ಲ ಸರಿಹೋಯಿತೆಂದು ಹೇಳಲಾರೆ. ಚೀಲ ಕಾಲುವೆಗೆ ಬೀಳುವುದು ನಿಂತಿದೆ. ಅಣಕ ಪೂರ್ತಿ ನಿಂತಿಲ್ಲ; ಪಿಸುದನಿಗೆ ಇಳಿದಿದೆ. ಹುಡುಗ ತರಗತಿಯಲ್ಲಿ ಈಗಲೂ ಕೈ ಎತ್ತುವುದಿಲ್ಲವಂತೆ. ಅದನ್ನು ಸರಿಮಾಡುವ ಶಕ್ತಿ ಯಾವ ಮೊಹರಿಗೂ ಇಲ್ಲ. ಅವನ ತರಗತಿಯ ಮೇಷ್ಟ್ರಿಗೆ ಮಾತ್ರ ಇದೆ.

ಮೊನ್ನೆ ಬೇರೆ ಊರಿನ ತಾಯಿಯೊಬ್ಬಳು ಬಂದು, “ಆ ಹುಡುಗುಂದು ಬರ್ದ್ರಂತಲ್ಲ, ಅದ್ರದೇ ಒಂದ್ ಜೆರಾಕ್ಸ್ ಕೊಡಿ ಅಣ್ಣ, ಹೆಸ್ರು ಬದ್ಲಾಯಿಸ್ಕೋತೀನಿ” ಎಂದಳು. ಕೊಡಲಿಲ್ಲ. ಖಾಲಿ ಹಾಳೆಯೊಂದನ್ನು ಕೊಟ್ಟು, ಮೊದಲು ಮಗಳನ್ನು ಕೇಳಿ ದಿನಾಂಕಗಳನ್ನು ಬರೆದುಕೊಂಡು ಬಾ ತಾಯಿ ಎಂದು ಕಳಿಸಿದ್ದೇನೆ.