ಅಡ್ವಾನ್ಸ್ ರೊಕ್ಕದ ಲೆಕ್ಕ

ಬೆಂಗಳೂರಾಗ ನಾವು ನಾಕು ವರ್ಷ ಇದ್ದ ಮನೀಗೆ ತಿಂಗಳಾ 18,000 ಬಾಡಿಗಿ, 1,50,000 ಅಡ್ವಾನ್ಸ್. ಮೊನ್ನೆ ಮನಿ ಬಿಟ್ಟು ಹದಿನೈದು ದಿನದ ಮ್ಯಾಲೆ ಮಾಲಕರು ಹಾಕಿದ್ದು 1,08,000. ಉಳಿದ 42,000 ಏನಾತ್ರೀ ಅಂದ್ರ, "ಪೇಂಟಿಂಗ್, ಕ್ಲೀನಿಂಗ್, ರಿಪೇರಿ" ಅಂತ ಮೂರ ಶಬ್ದದ ಮೆಸೇಜು. ಹೊಸ ಮನಿ ಅಡ್ವಾನ್ಸಿಗೆ ನನ್ನ ಬಳಿ ಅಡಾ ಇಟ್ಟಿದ್ವಿ, ಈ ರೊಕ್ಕ ಬಂದ್ರ ಬಿಡಿಸಬೇಕಿತ್ತು. ನಮ್ಮನಿಯವ್ರು "ಹೋಗ್ಲಿ ಬಿಡು, ಜಗಳಾ ಯಾಕ" ಅಂದ್ರು. ನನಗ ಬಿಡ್ಲಿಕ್ಕೆ ಮನಸ್ಸು ಬರ್ಲಿಲ್ಲ.

ಫೋನಿನಾಗ ಮಾತಾಡಿದ್ರ ದನಿ ಏರತದ, ಕೈಯಾಗ ಏನೂ ಉಳಿಯೂದಿಲ್ಲ. ಅದಕ್ಕ ಬರದ ಕೇಳಿದೆ: "ಸರ್, ಯಾವುದಕ್ಕ ಎಷ್ಟು ಹಿಡಿದೀರಿ, ಬಿಲ್ ಸಮೇತ ಕಳಸ್ರಿ." ಎರಡ ದಿನಕ್ಕ ಲೆಕ್ಕ ಬಂತು. ಪೇಂಟಿಂಗ್ 18,000, ಕ್ಲೀನಿಂಗ್ 5,000, ಬಚ್ಚಲಮನಿ ಟೈಲ್ಸ್ 9,000, ಅಡಗಿಮನಿ ಕಪಾಟಿನ ಬಾಗ್ಲಾ 7,000, ನಳ 3,000. ಬಿಲ್ ಇದ್ದದ್ದು ನಳಕ್ಕ ಒಂದ.

ಅಗ್ರಿಮೆಂಟ್ ತಗದ ಕೂತೆ. ಪೇಂಟಿಂಗಿಗೆ ಒಂದ ತಿಂಗಳ ಬಾಡಿಗಿ ಹಿಡಿಯೂದು ಅಂತ ನಾವ ಸಹಿ ಮಾಡಿದ್ದು, ಅದರ ಬಗ್ಗೆ ತಕರಾರಿಲ್ಲ. ಕ್ಲೀನಿಂಗಿನ ಮಾತು ಅದರಾಗ ಎಲ್ಲೂ ಇಲ್ಲ. ನಾವು ಕಸಾ ಹೊಡದು, ನೆಲಾ ಒರಸಿ, ಕೀಲಿ ಕೊಡೂ ದಿನ ಖಾಲಿ ಮನಿ ವಿಡಿಯೋ ಮಾಡಿದ್ವಿ, ಅದನ್ನ ಕಳಿಸಿದೆ. ಟೈಲ್ಸ್ ಅಂತೂ ನಾವು ಹೋಗೂ ಮೊದಲ ಸೀಳಿತ್ತು. ಮನಿ ಹೊಕ್ಕ ವಾರದಾಗ ಫೋಟೋ ತಗದು ಅವರಿಗೇ ವಾಟ್ಸಾಪ್ ಮಾಡಿದ್ದೆ, ತಾರೀಖು ಹಂಗ ಕೂತದ. ಅದನ್ನ ತೋರಿಸಿದ ಕೂಡ್ಲೆ 9,000ದ ಮಾತು ಮುಗೀತು.

ಜಗ್ಗಾಟ ಆಗಿದ್ದು ಕಪಾಟಿನ ಮ್ಯಾಲೆ. ನೀರಿನ ಪಸಿಗೆ ಪ್ಲೈವುಡ್ ಉಬ್ಬಿತ್ತು. ನಾವು ಒಡದದ್ದು, ಕೆಡಿಸಿದ್ದು ಇದ್ರ ನಾವ ಕೊಡಬೇಕು, ಖರೆ. ಆದ್ರ ದಿನಾ ಬಳಸಿ ಸವದದ್ದು ಬಾಡಿಗಿದಾರನ ಮ್ಯಾಲೆ ಬರೂದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಾಗ, ಸಹಜ ಸವಕಳಿ ಬಿಟ್ಟು ಮನಿ ಹೆಂಗಿತ್ತೋ ಹಂಗ ಒಪ್ಪಿಸಬೇಕು ಅಂತ ಅದ. ಅದನ್ನ ಬರದು, ಹದಿನೈದು ದಿನದಾಗ ಬಾಕಿ ಹಾಕ್ರಿ, ಇಲ್ಲಂದ್ರ ವಕೀಲರ ನೋಟಿಸ್ ಕಳಸ್ತೀವಿ ಅಂದೆ. ಅವರು "ನೀವ ನೀರ ಒರಸಿಲ್ಲಮ್ಮ" ಅಂದ್ರು, ನಾನು "ಸಿಂಕಿನ ಪೈಪು ಸೋರತದ ಅಂತ ಎರಡ ಸಲ ಹೇಳಿದ್ದೆ" ಅಂದೆ. ಅದನ್ನ ಬಾಯಿಲೆ ಹೇಳಿದ್ದು, ಪುರಾವೆ ಇಲ್ಲ. ಕಡೀಕ ಅರ್ಧಾ ಅರ್ಧಾ ಅಂತ ಮುಗಿಸಿದ್ವಿ.

ಟೈಲ್ಸಿನ 9,000, ಕ್ಲೀನಿಂಗಿನ 5,000, ಕಪಾಟಿನ 3,500, ಒಟ್ಟ 17,500 ವಾಪಸ್ ಬಂತು. ನಳದ್ದು ಬಿಲ್ ಇತ್ತು, ಬಿಟ್ಟೆ.

ಹೊಸ ಮನ್ಯಾಗ ನಿನ್ನೆ ಗೀಸರ್ ಕೆಳಗ ನೀರು ತೊಟ್ಟಿಕ್ಕಲಿಕ್ಕೆ ಹತ್ತಿತು. ಫೋಟೋ ತಗದು, ಈ ಮಾಲಕರಿಗೆ ಮೆಸೇಜ್ ಹಾಕಿ, ಆಮ್ಯಾಲೆ ಬಕೆಟ್ ಇಟ್ಟೆ.