ಗುಲ್ಕಂದ

ಉಪ್ಪಿನಂಗಡಿಯಿಂದ ಶಿರಾಡಿ ಘಾಟಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ನೆಲ್ಯಾಡಿ ಎಂಬ ಊರಿದೆ. ಸಹ್ಯಾದ್ರಿಯ ಬುಡದಲ್ಲಿರುವ ಈ ಊರಿಗೆ ಮಳೆಯ ಕೊರತೆ ಎಂದೂ ಇಲ್ಲ, ಕೊರತೆಯೇನಿದ್ದರೂ ಬಿಸಿಲಿಗೆ. ಅಡಿಕೆಯ ತೋಟವಿರುವ ಮನೆಯವರು ಮಳೆಗಾಲ ಕಳೆದು ಅಂಗಳ ಒಣಗುವುದನ್ನೇ ಕಾಯುತ್ತಾರೆ. ಕೊಯ್ದ ಹಣ್ಣಡಿಕೆ ನಲವತ್ತು ದಿನಗಳಷ್ಟು ಬಿಸಿಲು ಕಂಡರೆ ಮಾತ್ರ ಒಳ್ಳೆಯ ಚಾಲಿಯಾಗುತ್ತದೆ. ಅಂತಹ ಒಂದು ಮನೆಯ ಅಂಗಳದಲ್ಲಿ ಹರಡಿದ ಅಡಿಕೆಯ ಪಕ್ಕದಲ್ಲಿಯೇ ಪ್ರತಿ ವರ್ಷ ಜನವರಿಯ ಕೊನೆಗೆ ಒಂದು ಗಾಜಿನ ಭರಣಿಯೂ ಬಿಸಿಲು ಕಾಯುತ್ತ ಕುಳಿತಿರುತ್ತದೆ. ಅದರ ತುಂಬ ಗುಲಾಬಿಯ ಎಸಳು ಮತ್ತು ಸಕ್ಕರೆ. ಆ ಮನೆಯ ಅಜ್ಜಿ ಮಾಡುವ ಗುಲ್ಕಂದ ಅದು.

ಗುಲ್ಕಂದ ಪಾರಸಿ ಹೆಸರು. 'ಗುಲ್' ಎಂದರೆ ಹೂವು, ವಿಶೇಷವಾಗಿ ಗುಲಾಬಿ. 'ಕಂದ' ಎಂದರೆ ಸಕ್ಕರೆ. ಈ ಎರಡನೆಯ ಮಾತು ಸಂಸ್ಕೃತದ 'ಖಂಡ'ದ ಬಂಧು. ನಮ್ಮ 'ಖಂಡಸಾರಿ'ಯಲ್ಲಿಯೂ ಇರುವುದು ಅದೇ. ಹೆಸರಿನಲ್ಲಿ ಎರಡೇ ವಸ್ತುಗಳಿರುವಂತೆ ಭರಣಿಯಲ್ಲಿಯೂ ಎರಡೇ ಇರಬೇಕು. ಮೂರನೆಯದಾದ ನೀರು ಹೊರಗಿನಿಂದ ಒಳಹೊಕ್ಕರೆ ಕೆಲಸ ಕೆಟ್ಟಂತೆಯೇ.

ಎಲ್ಲ ಗುಲಾಬಿಯೂ ಇದಕ್ಕೆ ಒದಗುವುದಿಲ್ಲ. ಪೇಟೆಯ ಹೂಗುಚ್ಛಗಳಲ್ಲಿ ನಿಲ್ಲುವ ಉದ್ದ ತೊಟ್ಟಿನ ಹೂವು ಕಣ್ಣಿಗೆ ಚೆಂದ, ಮೂಗಿಗೆ ಬಡತನ. ಅದರ ಮೇಲೆ ಕೀಟನಾಶಕವೂ ಬಿದ್ದಿರುತ್ತದೆ. ಬೇಕಾದದ್ದು ಎಸಳು ತೆಳುವಾದ, ತಿಳಿಗೆಂಪು ಬಣ್ಣದ, ದೂರದಿಂದಲೇ ಪರಿಮಳಿಸುವ ಪನ್ನೀರು ಗುಲಾಬಿ. ಅಜ್ಜಿಯ ಹಿತ್ತಿಲಿನಲ್ಲಿ ಅದರ ಆರು ಗಿಡಗಳಿವೆ. ಮಳೆಗಾಲದಲ್ಲಿ ಎಲೆಗಳಿಗೆ ಕಪ್ಪು ಚುಕ್ಕೆಯ ರೋಗ ತಗುಲಿ ಅವು ಬೋಳಾಗಿ ನಿಲ್ಲುತ್ತವೆ. ಮಳೆ ಹಿಂತೆಗೆದ ಮೇಲೆ ಕೊಂಬೆ ಸವರಿ ಗೊಬ್ಬರ ಹಾಕಿದರೆ ಚಳಿಗಾಲಕ್ಕೆ ಮತ್ತೆ ಹೂವಿಗೆ ಬರುತ್ತವೆ. ಹೂವನ್ನು ಮುಂಜಾನೆ ಇಬ್ಬನಿ ಆರಿದ ಕೂಡಲೆ ಬಿಡಿಸಬೇಕು. ಬಿಸಿಲೇರಿದರೆ ಪರಿಮಳ ಹಾರುತ್ತದೆ. ಇಬ್ಬನಿ ಇರುವಾಗಲೇ ಬಿಡಿಸಿದರೆ ಎಸಳಿನೊಡನೆ ನೀರು ಬರುತ್ತದೆ.

ಆರು ಗಿಡಗಳಿಂದ ಒಂದೇ ದಿನ ಭರಣಿ ತುಂಬುವಷ್ಟು ಹೂವು ಎಲ್ಲಿಂದ ಬರಬೇಕು? ಆದುದರಿಂದ ಅಜ್ಜಿ ಪದರ ಪದರವಾಗಿ ತುಂಬುತ್ತಾರೆ. ಒಂದು ಕೊಯ್ಲಿಗೆ 50 ಗ್ರಾಂ ಎಸಳು ದೊರೆತರೆ 100 ಗ್ರಾಂ ಸಕ್ಕರೆ. ಹೂವಿನ ತೊಟ್ಟು, ಕೇಸರಗಳನ್ನು ತೆಗೆದು, ಎಸಳುಗಳನ್ನು ಸಕ್ಕರೆಯೊಡನೆ ಅಂಗೈಯಲ್ಲಿ ಮೆಲ್ಲನೆ ಹಿಸುಕಿ ಭರಣಿಗೆ ಇಳಿಸುತ್ತಾರೆ. ಹೀಗೆ ಐದು ಕೊಯ್ಲು ಮುಗಿದಾಗ 250 ಗ್ರಾಂ ಎಸಳಿಗೆ 500 ಗ್ರಾಂ ಸಕ್ಕರೆ ಸೇರಿರುತ್ತದೆ. ಈ ಅಳತೆ ತೂಕದ್ದು, ಲೋಟದ್ದಲ್ಲ. ಒಂದು ಲೋಟ ಎಸಳು ಗಾಳಿಯಂತೆ ಹಗುರ, ಒಂದು ಲೋಟ ಸಕ್ಕರೆಯಾದರೋ ಭಾರ.

ಈ ಎರಡರಷ್ಟು ಸಕ್ಕರೆಯ ಲೆಕ್ಕವನ್ನು ಮನೆಯವರು ಸರಿಯಾಗಿ ತಿಳಿದುಕೊಂಡದ್ದು ಒಂದು ಭರಣಿ ಕೆಟ್ಟ ಮೇಲೆ. ಒಂದು ವರ್ಷ ಅಜ್ಜಿಗೆ ಕೈನೋವೆಂದು ಮೊಮ್ಮಗಳು ಆ ಕೆಲಸವನ್ನು ವಹಿಸಿಕೊಂಡಳು. ಹುಡುಗಿಗೆ ಶುಚಿಯ ಮೇಲೆ ಬಹಳ ಆಸೆ. ಎಸಳುಗಳನ್ನು ಎರಡು ನೀರಿನಲ್ಲಿ ತೊಳೆದು, ಜಾಲರಿಯಲ್ಲಿ ಬಸಿದು, ಹಸಿಯಾಗಿಯೇ ಸಕ್ಕರೆಗೆ ಬೆರೆಸಿದಳು. ಎಂಟು ದಿನ ಎಲ್ಲವೂ ಚೆನ್ನಾಗಿತ್ತು. ಒಂಬತ್ತನೆಯ ದಿನ ಪಾಕದಲ್ಲಿ ಸಣ್ಣ ಗುಳ್ಳೆಗಳು ಎದ್ದವು. ಮುಚ್ಚಳ ತೆರೆದರೆ ಗುಲಾಬಿಯ ಕಂಪಿನೊಡನೆ ಹುಳಿಗಳ್ಳಿನ ವಾಸನೆ! ಮೇಲೆ ತೇಲುತ್ತಿದ್ದ ಎಸಳುಗಳ ಮೇಲೆ ಬೂದುಬಣ್ಣದ ಬೂಷ್ಟು.

"ಅಜ್ಜೀ, ಮೇಲಿನದನ್ನು ತೆಗೆದುಹಾಕಿ ಉಳಿದದ್ದನ್ನು ಕುದಿಸಿದರಾಗದೆ?" ಎಂದಳು ಹುಡುಗಿ.

"ಬೇಡ ಮಗಳೇ, ಬೂಷ್ಟಿನ ಬೇರು ಕಣ್ಣಿಗೆ ಕಾಣುವುದಿಲ್ಲ. ತೆಂಗಿನ ಬುಡಕ್ಕೆ ಸುರಿದುಬಿಡು" ಎಂದರು ಅಜ್ಜಿ.

ಆದದ್ದೇನು? ಎಸಳಿನ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ನೀರೇ ಇರುತ್ತದೆ. 250 ಗ್ರಾಂ ಎಸಳಿನಲ್ಲಿ ಸುಮಾರು 200 ಗ್ರಾಂ ನೀರು. ಸಕ್ಕರೆ ಆ ನೀರನ್ನು ಎಸಳಿನೊಳಗಿನಿಂದ ಸೆಳೆದು ಅದರಲ್ಲಿಯೇ ಕರಗುತ್ತದೆ. 500 ಗ್ರಾಂ ಸಕ್ಕರೆಗೆ 200 ಗ್ರಾಂ ನೀರೆಂದರೆ, ಪಾಕದ ನೂರು ಪಾಲಿನಲ್ಲಿ ಎಪ್ಪತ್ತೊಂದು ಪಾಲು ಸಕ್ಕರೆ. ನೀರು ತಡೆದುಕೊಳ್ಳಬಲ್ಲ ಸಕ್ಕರೆಯ ಮೇರೆಯೇ ಸುಮಾರಾಗಿ ಅಷ್ಟು. ಇಷ್ಟು ಗಟ್ಟಿಯಾದ ಪಾಕದಲ್ಲಿ ಹುಳಿ ಬರಿಸುವ ಸೂಕ್ಷ್ಮಜೀವಿಗಳು ಬಿದ್ದರೂ ಅವುಗಳ ದೇಹದ ನೀರನ್ನೇ ಸಕ್ಕರೆ ಹೀರುತ್ತದೆ, ಅವು ಬೆಳೆಯಲಾರವು. ತೊಳೆದ ಎಸಳಿಗೆ ಅಂಟಿಕೊಂಡು ಅರ್ಧ ಲೋಟ, ಅಂದರೆ 100 ಗ್ರಾಂ ನೀರು ಸೇರಿತೆನ್ನೋಣ. ಸಕ್ಕರೆಯ ಪಾಲು ಅರವತ್ತೆರಡಕ್ಕೆ ಇಳಿಯಿತು. ಹುದುಗು ಏಳುವುದಕ್ಕೆ ಅಷ್ಟು ಸಡಿಲ ಸಾಕು. ಎಸಳಿಗೆ ಸಮತೂಕದ ಸಕ್ಕರೆ ಹಾಕುವ ಮನೆಗಳೂ ಉಂಟು. ಒಣ ಸೀಮೆಯ ಉರಿಬಿಸಿಲಿನಲ್ಲಿ ಅದು ನಿಂತೀತು, ನೆಲ್ಯಾಡಿಯ ಗಾಳಿಯಲ್ಲಿ ನಿಲ್ಲುವುದು ಕಷ್ಟ.

ಹಾಗೆಂದು ತೊಳೆಯಬಾರದೆಂದಲ್ಲ. ತೊಳೆದ ಎಸಳನ್ನು ಹತ್ತಿಯ ಬಟ್ಟೆಯ ಮೇಲೆ ನೆರಳಿನಲ್ಲಿ ಹರಡಿ, ಬೆರಳಿಗೆ ತೇವ ಹತ್ತದಂತೆ ಆರಿಸಬೇಕು. ಮರುವಾರ ಹುಡುಗಿ ಹಾಗೆಯೇ ಮಾಡಿದಳು. ಭರಣಿಯ ಮುಕ್ಕಾಲು ಭಾಗ ತುಂಬಿ, ಹಗಲು ಬಾಯಿಗೆ ತೆಳುಬಟ್ಟೆ ಕಟ್ಟಿ ಬಿಸಿಲಿಗಿಟ್ಟಳು; ಸಂಜೆ ಅಡಿಕೆಗೆ ಹೊದಿಕೆ ಹಾಕುವ ಹೊತ್ತಿಗೆ ಮುಚ್ಚಳ ಬಿಗಿದು ಒಳಗೊಯ್ದಳು. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ಕೆಳಗಿನದನ್ನು ಮೇಲೆ ಮಾಡಿದಳು, ಏಕೆಂದರೆ ಪಾಕದ ಮೇಲೆ ತಲೆಯೆತ್ತಿ ನಿಂತ ಎಸಳಿಗೇ ಬೂಷ್ಟು ಮೊದಲು ಹಿಡಿಯುವುದು. ಮೊದಲ ವಾರ ತಳದಲ್ಲಿ ಸಕ್ಕರೆಯ ಹರಳು ಉಳಿದಿತ್ತು. ನೀರು ಚಿಮುಕಿಸಲು ಕೈಯೆತ್ತಿದವಳನ್ನು ಅಜ್ಜಿ ತಡೆದರು. ಬಿಸಿಲ ಕಾವಿಗೆ ಅದು ತಾನಾಗಿಯೇ ಕರಗಿತು. ನಾಲ್ಕನೆಯ ವಾರದ ಹೊತ್ತಿಗೆ ತಿಳಿಗೆಂಪು ಹೋಗಿ ಕಂದುಗೆಂಪು ಬಂದಿತು. ಎಸಳು ಎರಡು ಬೆರಳಿನ ನಡುವೆ ನುಣ್ಣಗೆ ಜಾರಿತು, ಪಾಕ ಸೌಟಿನಿಂದ ಜೇನಿನಂತೆ ಇಳಿಯಿತು. ಗುಲ್ಕಂದ ಸಿದ್ಧವಾಗಿತ್ತು.

ಮಾರ್ಚ್, ಏಪ್ರಿಲ್ ತಿಂಗಳ ಸೆಕೆಗೆ ಇದು ಒದಗುತ್ತದೆ. ಗುಲಾಬಿಯನ್ನು ಆಯುರ್ವೇದ ಶೀತಗುಣದ್ದೆಂದೂ ಪಿತ್ತವನ್ನು ಶಮನಗೊಳಿಸುವುದೆಂದೂ ಹೇಳುತ್ತದೆ. ಅದರಂತೆ ರಾತ್ರಿ ಒಂದು ಚಮಚ ಗುಲ್ಕಂದವನ್ನು ತಣ್ಣನೆಯ ಹಾಲಿಗೆ ಕದಡಿ ಕುಡಿಯುವುದು, ಬಾಯಿ ಹುಣ್ಣಾದಾಗ, ಎದೆಯುರಿ ಬಂದಾಗ, ಮಲಬದ್ಧತೆಯಾದಾಗ ಸ್ವಲ್ಪ ಸೇವಿಸುವುದು ರೂಢಿ. ಊಟದ ಮೇಲೆ ವೀಳ್ಯದೆಲೆಯಲ್ಲಿ ಮಡಿಸಿ ಕೊಡುವುದೂ ಉಂಟು. ಅಜ್ಜಿ ಎಲೆಗೆ ಅಡಿಕೆ ಹಾಕುವುದನ್ನು ಬಿಟ್ಟಿದ್ದಾರೆ. ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವಿಷಯವನ್ನು ಮಗ ಓದಿ ಹೇಳಿದ್ದನು. ಅಡಿಕೆ ಬೆಳೆಯುವ ಮನೆಯಲ್ಲಿ ಇದು ಸಣ್ಣ ತ್ಯಾಗವೇನಲ್ಲ!

ಆದರೆ ಗುಲ್ಕಂದದ 'ತಂಪು' ಜ್ವರಮಾಪಕದಲ್ಲಿ ಕಾಣುವ ತಂಪಲ್ಲ. ಬಿಸಿಲಿಗೆ ತಲೆಸುತ್ತಿ ಬಿದ್ದವನಿಗೆ ಬೇಕಾದದ್ದು ನೆರಳು, ಮೈಗೆ ತಣ್ಣೀರು ಮತ್ತು ವೈದ್ಯರು. ಇದರ ಮೂರರಲ್ಲಿ ಎರಡು ಪಾಲು ಬರಿಯ ಸಕ್ಕರೆ ಎಂಬುದನ್ನೂ ಮರೆಯಬಾರದು. ಮಧುಮೇಹವಿರುವ ಅಜ್ಜ ಈ ಭರಣಿಯ ತಂಟೆಗೆ ಬರುವುದಿಲ್ಲ. ಅವರ ಬೇಸಗೆ ಮಜ್ಜಿಗೆಯಲ್ಲಿಯೂ ಸಕ್ಕರೆ ಹಾಕದ ಪುನರ್ಪುಳಿಯ ನೀರಿನಲ್ಲಿಯೂ ಕಳೆಯುತ್ತದೆ.

ಮೇ ತಿಂಗಳು ಮುಗಿಯುವುದರೊಳಗೆ ಅಜ್ಜಿ ಉಳಿದದ್ದನ್ನು ಮೂರು ಸಣ್ಣ ಸೀಸೆಗಳಿಗೆ ಹಂಚುತ್ತಾರೆ. ಮಳೆಗಾಲದ ಗಾಳಿಯಲ್ಲಿರುವ ತೇವವನ್ನು ಗಟ್ಟಿ ಪಾಕ ತಾನೇ ಹೀರಿ ಮೇಲ್ಪದರದಲ್ಲಿ ತೆಳುವಾಗುತ್ತದೆ. ದೊಡ್ಡ ಭರಣಿಯನ್ನು ದಿನವೂ ತೆರೆದರೆ ಅಷ್ಟೂ ಕೆಟ್ಟೀತು. ಒಂದು ಸೀಸೆ ಮುಗಿಯುವ ತನಕ ಇನ್ನೊಂದರ ಬಿರಡೆ ತೆಗೆಯುವಂತಿಲ್ಲ. ಒದ್ದೆ ಚಮಚ ಹಿಡಿದು ಬಂದವರನ್ನು ಮೊಮ್ಮಗಳು ಈಗ ಅಡುಗೆಮನೆಯ ಬಾಗಿಲಲ್ಲಿಯೇ ತಡೆಯುತ್ತಾಳೆ.